ಮುಖ ನೋಡಿ ತೆರೆಯುವ ಫೋನು, ಬೆರಳು ಕೇಳುವ ಬ್ಯಾಂಕ್ ಆ್ಯಪ್

ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್ ಇಟ್ಟುಕೊಂಡ ಎಷ್ಟೋ ಜನರಿಗೆ ಇದು ದಿನನಿತ್ಯದ ಅನುಭವ. ಫೋನನ್ನು ಮುಖದೆದುರು ಹಿಡಿದರೆ ಸಾಕು, ಲಾಕ್ ತೆರೆಯುತ್ತದೆ. ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಒತ್ತಿದರೆ ಅದು ಮುಖದ ಸುದ್ದಿಯನ್ನೇ ಎತ್ತುವುದಿಲ್ಲ. ಬೆರಳಿಡಿ, ಇಲ್ಲವೇ ಪಿನ್ ಒತ್ತಿ ಎನ್ನುತ್ತದೆ. ಹೊಸ ಐಫೋನ್ ಇರುವವರಿಗೆ ಈ ತಾರತಮ್ಯ ಕಾಣುವುದಿಲ್ಲ. ಅಲ್ಲಿ ಲಾಕಿಗೂ ಬ್ಯಾಂಕಿಗೂ ಒಂದೇ ಮುಖ ಸಾಕು. ಮುಖ ಎಲ್ಲಿಯೂ ಮುಖವೇ ಆಗಿರುವಾಗ ಒಂದು ಫೋನಿನಲ್ಲಿ ಅದಕ್ಕೆ ಪೂರ್ತಿ ಮರ್ಯಾದೆ, ಇನ್ನೊಂದರಲ್ಲಿ ಅರ್ಧ ಮರ್ಯಾದೆ ಯಾಕೆ?

ಫೋನ್ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಬೇರೆ. ಫಿಂಗರ್‌ಪ್ರಿಂಟ್ ಸ್ಕ್ರೀನಿನ ಒಳಗಿದೆಯಾ, ಪಕ್ಕದ ಬಟನ್ನಿನಲ್ಲಿದೆಯಾ? ಫೇಸ್ ಅನ್‌ಲಾಕ್ ಇದೆಯಾ? ಅಂಗಡಿಯವರು ಇದೆ ಎನ್ನುತ್ತಾರೆ, ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಭದ್ರತೆಯನ್ನು ನಿರ್ಧರಿಸುವುದು ಆ ಸೆನ್ಸರ್ ನಮ್ಮ ಮೈಯಿಂದ ಏನನ್ನು ಅಳೆದುಕೊಳ್ಳುತ್ತದೆ ಎಂಬ ವಿಷಯ. ವಿದ್ಯುತ್ತಿನಿಂದ ಅಳೆಯುವುದು, ಬೆಳಕಿನಿಂದ ಅಳೆಯುವುದು, ಶಬ್ದದಿಂದ ಅಳೆಯುವುದು, ಮುಖದ ಆಳವನ್ನು ಅಳೆಯುವುದು, ಬರೀ ಮುಖದ ಚಿತ್ರ ತೆಗೆಯುವುದು: ಇವು ಐದು ಬೇರೆ ಬೇರೆ ಕೆಲಸಗಳು, ಇವುಗಳ ಸೋಲುಗಳೂ ಬೇರೆ ಬೇರೆ.

ಪಕ್ಕದ ಬಟನ್

ಪವರ್ ಬಟನ್ನಿನಲ್ಲೇ ಸೆನ್ಸರ್ ಕೂರಿಸುವ ಪದ್ಧತಿ ಹೊಸದಲ್ಲ. ಸೋನಿ 2015ರಲ್ಲೇ ತನ್ನ ಎಕ್ಸ್‌ಪೀರಿಯಾ ಝಡ್5 ಫೋನಿನಲ್ಲಿ ಹೀಗೆ ಮಾಡಿತ್ತು. ಈ ಸೆನ್ಸರ್ ಕೆಲಸ ಮಾಡುವುದು ವಿದ್ಯುತ್ತಿನಿಂದ. ಬೆರಳ ತುದಿಯ ಚರ್ಮ ಉತ್ತ ಹೊಲದ ಹಾಗೆ: ಒಂದು ಉಬ್ಬು, ಒಂದು ತಗ್ಗು, ಮತ್ತೆ ಉಬ್ಬು. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು ಅರ್ಧ ಮಿಲಿಮೀಟರ್ ದೂರ. ಬಟನ್ನಿನ ತೆಳು ಪದರದ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಫಲಕಗಳು ಒತ್ತೊತ್ತಾಗಿ ಜೋಡಿಸಿರುತ್ತವೆ. ಇಂಚಿಗೆ 500ರಷ್ಟು ಫಲಕಗಳಿದ್ದರೆ ಪ್ರತಿ ಉಬ್ಬು-ತಗ್ಗಿನ ಜೋಡಿಗೆ ಸುಮಾರು ಹತ್ತು ಅಳತೆಗಳು ಸಿಗುತ್ತವೆ. ಚರ್ಮ ವಿದ್ಯುತ್ತನ್ನು ಹರಿಯಬಿಡುವ ವಸ್ತು. ಉಬ್ಬು ಫಲಕಕ್ಕೆ ತಾಗಿಕೊಂಡಿರುತ್ತದೆ, ತಗ್ಗು ಗಾಳಿಯ ಪದರದಷ್ಟು ದೂರ ಉಳಿಯುತ್ತದೆ. ಹಾಗಾಗಿ ಉಬ್ಬಿನ ಕೆಳಗಿನ ಫಲಕದಲ್ಲಿ ನಿಲ್ಲುವ ವಿದ್ಯುದಾವೇಶ ಹೆಚ್ಚು, ತಗ್ಗಿನ ಕೆಳಗೆ ಕಡಿಮೆ. ಈ ಹೆಚ್ಚು-ಕಡಿಮೆಗಳನ್ನು ಜೋಡಿಸಿದರೆ ಬೆರಳಿನ ನಕ್ಷೆ ತಯಾರು.

ಬೆರಳಚ್ಚಿನ ಫೋಟೋವನ್ನು ಇದರ ಮೇಲೆ ಇಟ್ಟರೆ ಏನೂ ಆಗುವುದಿಲ್ಲ. ಕಾಗದಕ್ಕೆ ಉಬ್ಬೂ ಇಲ್ಲ, ಚರ್ಮದ ಹಾಗೆ ವಿದ್ಯುತ್ತನ್ನು ಬಿಟ್ಟುಕೊಡುವ ಗುಣವೂ ಇಲ್ಲ. ಹಾಗೆಂದು ಇದು ಅಭೇದ್ಯವೂ ಅಲ್ಲ. 2013ರಲ್ಲಿ ಆ್ಯಪಲ್ ಟಚ್ ಐಡಿ ಇರುವ ಐಫೋನ್ 5ಎಸ್ ಬಿಡುಗಡೆ ಮಾಡಿದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ ಅದನ್ನು ಭೇದಿಸಿ ತೋರಿಸಿತು. ಗಾಜಿನ ಮೇಲೆ ಉಳಿದ ಅಚ್ಚನ್ನು ಸ್ಫುಟವಾಗಿ ಫೋಟೋ ತೆಗೆದು, ಶುದ್ಧಗೊಳಿಸಿ, ದಪ್ಪ ಶಾಯಿಯಲ್ಲಿ ಮುದ್ರಿಸಿ, ಅದರ ಮೇಲೆ ರಬ್ಬರಿನಂಥ ದ್ರವ ಹರಡಿ ತೆಳು ಪೊರೆ ಎಬ್ಬಿಸಿ, ಆ ಪೊರೆಯನ್ನು ಬೆರಳಿಗೆ ಅಂಟಿಸಿಕೊಂಡರು. ಇಷ್ಟು ತಾಳ್ಮೆ ಮತ್ತು ಕೌಶಲ ಇರುವ ಕಳ್ಳ ಬಸ್ಸಿನಲ್ಲಿ ಜೇಬು ಕತ್ತರಿಸುವವನಲ್ಲ. ಸಾಮಾನ್ಯ ಬಳಕೆದಾರರ ಮಟ್ಟಿಗೆ ಪಕ್ಕದ ಬಟನ್ ಗಟ್ಟಿಯಾದ ಬೀಗ.

ಅದರ ನಿಜವಾದ ತೊಂದರೆ ಅಗಲದ್ದು. ಬಟನ್ ಕೆಲವೇ ಮಿಲಿಮೀಟರ್ ಅಗಲ, ಹಾಗಾಗಿ ಒಮ್ಮೆಗೆ ಬೆರಳಿನ ಒಂದು ಪಟ್ಟಿ ಮಾತ್ರ ಅದಕ್ಕೆ ಸಿಗುತ್ತದೆ. ನೋಂದಣಿ ಮಾಡುವಾಗ ಬೆರಳನ್ನು ಮತ್ತೆ ಮತ್ತೆ ಎತ್ತಿ ಇಡಿ ಎಂದು ಫೋನು ಹೇಳುವುದು ಇದಕ್ಕೇ. ಅದು ತುಣುಕುಗಳನ್ನು ಕೂಡಿಸುತ್ತಿರುತ್ತದೆ. ಫೋನನ್ನು ಮೇಜಿನ ಮೇಲೆ ಮಲಗಿಸಿ ಬೆರಳ ತುದಿಯನ್ನು ನೇರವಾಗಿ ಇಟ್ಟು ನೋಂದಾಯಿಸಿದವರಿಗೆ, ಕೈಯಲ್ಲಿ ಹಿಡಿದಾಗ ಲಾಕ್ ತೆರೆಯದೆ ಹೋಗುತ್ತದೆ. ಹಿಡಿದಾಗ ಬಟನ್ನಿಗೆ ತಾಗುವುದು ಹೆಬ್ಬೆರಳಿನ ಅಂಚು, ಆ ತುಣುಕು ಫೋನಿನ ಬಳಿ ಇಲ್ಲವೇ ಇಲ್ಲ. ದಿನಾ ಹೇಗೆ ಹಿಡಿಯುತ್ತೀರೋ ಹಾಗೆಯೇ ಹಿಡಿದು ನೋಂದಾಯಿಸಿದರೆ ಈ ಗೋಳು ಬಹುಪಾಲು ತಪ್ಪುತ್ತದೆ. ಒದ್ದೆ ಕೈಯದು ಇನ್ನೊಂದು ಸಮಸ್ಯೆ. ನೀರು ತಗ್ಗುಗಳನ್ನು ತುಂಬಿ, ತಾನೂ ವಿದ್ಯುತ್ತನ್ನು ಹರಿಸಿ, ಉಬ್ಬು-ತಗ್ಗಿನ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ಒರೆಸಿಕೊಂಡು ಮತ್ತೆ ಇಡುವುದಷ್ಟೇ ದಾರಿ.

ಗಾಜಿನ ಅಡಿಯಲ್ಲಿ

ಸ್ಕ್ರೀನಿನ ಅಡಿಯ ಸೆನ್ಸರಿನೊಂದಿಗೆ ಮೊದಲು ಮಾರುಕಟ್ಟೆಗೆ ಬಂದದ್ದು ವಿವೊ ಎಕ್ಸ್20 ಪ್ಲಸ್ ಯುಡಿ, 2018ರ ಆರಂಭದಲ್ಲಿ. ಅದು ಬೆಳಕಿನಿಂದ ನೋಡುವ ಸೆನ್ಸರ್. ಇಂದೂ ಸ್ಕ್ರೀನಿನಡಿಯ ಸೆನ್ಸರ್ ಇರುವ ಬಹಳಷ್ಟು ಫೋನುಗಳಲ್ಲಿ ಇರುವುದು ಇದೇ ಬಗೆ. ಬೆರಳಿಟ್ಟ ಜಾಗ ಒಮ್ಮೆ ಫಳ್ಳನೆ ಬೆಳಗುವುದನ್ನು ನೀವು ಗಮನಿಸಿರಬಹುದು. ಆ ಬೆಳಕು ಬೆರಳಿಗೆ ಬಡಿದು ವಾಪಸ್ಸು ಬಂದು, ಸ್ಕ್ರೀನಿನ ಚುಕ್ಕಿಗಳ ನಡುವಿನ ಸಂದಿಯಿಂದ ಕೆಳಗಿಳಿದು, ಅಡಿಯಲ್ಲಿರುವ ಪುಟ್ಟ ಕ್ಯಾಮೆರಾವನ್ನು ಸೇರುತ್ತದೆ. ಎಲ್‌ಸಿಡಿ ಪರದೆಗಳ ಹಿಂದೆ ಬೆಳಕಿನ ಹಾಳೆಯೇ ಅಡ್ಡವಾಗಿರುತ್ತದೆ. ಒಎಲ್‌ಇಡಿಯಲ್ಲಿ ಚುಕ್ಕಿಗಳು ತಾವೇ ಬೆಳಗುವುದರಿಂದ ಆ ಅಡ್ಡಿ ಇಲ್ಲ. ಕಡಿಮೆ ಬೆಲೆಯ ಎಲ್‌ಸಿಡಿ ಫೋನುಗಳು ಪಕ್ಕದ ಬಟನ್ನಿಗೇ ಅಂಟಿಕೊಂಡಿರುವುದಕ್ಕೆ ಮುಖ್ಯ ಕಾರಣ ಇದು.

ಬೆಳಕಿನ ಸೆನ್ಸರಿಗೆ ಒಣಗಿದ ಬೆರಳು ಕಷ್ಟ. ಚರ್ಮ ಗಾಜಿಗೆ ಸರಿಯಾಗಿ ಅಂಟಿಕೊಳ್ಳದಿದ್ದರೆ ಗೆರೆಗಳು ಮಸುಕಾಗುತ್ತವೆ. ಸಿಮೆಂಟು, ಮಣ್ಣು, ಸೋಪಿನ ನೀರಿನಲ್ಲಿ ಕೆಲಸ ಮಾಡುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ಆಧಾರ್ ಯಂತ್ರದಲ್ಲಿ ಬೆರಳು ಹಿಡಿಯದೆ ಪಡಿತರದ ಅಂಗಡಿಯಲ್ಲಿ ಕಾಯುವವರು ಫೋನಿನಲ್ಲೂ ಅದೇ ತೊಂದರೆಗೆ ಸಿಗುತ್ತಾರೆ. ಅಂಥವರು ಒಂದೇ ಬೆರಳನ್ನು ಎರಡು ಸಲ, ಒಮ್ಮೆ ಕೆಲಸದ ಹೊತ್ತಿನಲ್ಲಿ ಒಮ್ಮೆ ರಾತ್ರಿ ಕೈ ತೊಳೆದು ಎಣ್ಣೆ ಸವರಿದ ಮೇಲೆ, ಬೇರೆ ಬೇರೆ ಬೆರಳೆಂಬಂತೆ ನೋಂದಾಯಿಸಿದರೆ ಅನುಕೂಲ.

ಎರಡನೆಯ ಬಗೆ ಶಬ್ದದ್ದು. 2019ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್10ರಲ್ಲಿ ಕ್ವಾಲ್ಕಾಮ್ ಕಂಪನಿಯ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿತು. ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಇದು ಗಾಜಿನ ಮೂಲಕ ಮೇಲಕ್ಕೆ ಕಳಿಸುತ್ತದೆ. ಉಬ್ಬು ಗಾಜಿಗೆ ತಾಗಿರುವ ಕಡೆ ಅಲೆಯ ಒಂದು ಪಾಲು ಚರ್ಮದೊಳಕ್ಕೆ ಇಳಿದು ಹೋಗುತ್ತದೆ. ತಗ್ಗಿರುವ ಕಡೆ ಗಾಳಿ ಎದುರಾಗುತ್ತದೆ, ಗಾಳಿ ಅಲೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ವಾಪಸ್ಸು ಕಳಿಸುತ್ತದೆ. ಮರಳಿದ ಅಲೆಯ ಬಲವನ್ನು ನೋಡಿ ಫೋನು ನಕ್ಷೆ ಬರೆದುಕೊಳ್ಳುತ್ತದೆ. ಇದಕ್ಕೆ ಬೆಳಕು ಬೇಡ, ತುಸು ಒದ್ದೆ ಬೆರಳೂ ನಡೆಯುತ್ತದೆ. ಗಾಳಿ ಅಲೆಯನ್ನು ಹಿಂದಕ್ಕಟ್ಟುತ್ತದೆ ಎಂಬ ಇದೇ ಗುಣ ಮುಂದೆ ಒಂದು ದೊಡ್ಡ ಎಡವಟ್ಟಿನ ಹಿನ್ನೆಲೆಯಾಯಿತು.

ಯಾರ ಬೆರಳಿಗೂ ತೆರೆದ ಫೋನು

2019ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ತಮ್ಮ ಎಸ್10 ಫೋನಿಗೆ ಆನ್‌ಲೈನಿನಲ್ಲಿ ಕೊಂಡ ಅಗ್ಗದ ಜೆಲ್ ಕವರ್ ಹಾಕಿದರು. ಆಮೇಲೆ ನೋಡಿದರೆ, ತಾವು ನೋಂದಾಯಿಸದ ಬೆರಳಿಗೂ ಫೋನು ತೆರೆಯಿತು. ಗಂಡನ ಬೆರಳಿಗೂ ತೆರೆಯಿತು. ಸುದ್ದಿ ಹರಡಿದಂತೆ ನ್ಯಾಟ್‌ವೆಸ್ಟ್ ಬ್ಯಾಂಕು ಎಸ್10 ಇರುವ ಗ್ರಾಹಕರಿಗೆ ತನ್ನ ಆ್ಯಪನ್ನೇ ಪ್ಲೇ ಸ್ಟೋರಿನಲ್ಲಿ ಸಿಗದಂತೆ ಮಾಡಿತು.

ಆದದ್ದೇನು ಎಂಬುದನ್ನು ಆ ಬಳಿಕ ಸ್ಯಾಮ್‌ಸಂಗ್ ವಿವರಿಸಿತು. ಸಮಸ್ಯೆ ಇದ್ದದ್ದು ಕೆಲವು ಸಿಲಿಕೋನ್ ಕವರುಗಳಲ್ಲಿ. ಕವರಿನ ಮೇಲಿದ್ದ ಉಬ್ಬುತಗ್ಗಿನ ವಿನ್ಯಾಸ ಸೆನ್ಸರಿಗೆ ಕಾಣುತ್ತಿತ್ತು. ಮೆತ್ತನೆಯ ಕವರ್ ಗಾಜಿಗೆ ಪೂರ್ತಿ ಅಂಟದೆ ನಡುವೆ ಗಾಳಿ ಉಳಿದರೆ, ಶಬ್ದದ ಅಲೆ ಬೆರಳನ್ನು ಮುಟ್ಟುವ ಮೊದಲೇ ಹಿಂತಿರುಗುತ್ತದೆ ಎಂಬುದನ್ನು ನೆನಪಿಡಿ. ಹಾಗಾದಾಗ ಸೆನ್ಸರಿಗೆ ಸಿಕ್ಕ ನಕ್ಷೆ ಬೆರಳಿನದಲ್ಲ, ಕವರಿನದು. ಅದನ್ನೇ ಅದು ಒಡತಿಯ ಬೆರಳಚ್ಚು ಎಂದು ಒಪ್ಪಿಕೊಂಡಿತು. ಮುಂದೆ ಯಾರು ಒತ್ತಿದರೂ ಅಡಿಯಲ್ಲಿ ಇರುವುದು ಅದೇ ಕವರ್, ಅದೇ ನಕ್ಷೆ. ಬೀಗ ತೆರೆಯದೆ ಇನ್ನೇನು? ಕವರ್ ತೆಗೆಯಿರಿ, ಹಳೆಯ ಬೆರಳಚ್ಚುಗಳನ್ನೆಲ್ಲ ಅಳಿಸಿ ಹೊಸದಾಗಿ ನೋಂದಾಯಿಸಿ, ತಿದ್ದುಪಡಿ ಬರುವ ತನಕ ಕವರ್ ಹಾಕಬೇಡಿ ಎಂದು ಕಂಪನಿ ಹೇಳಿತು. ಅದೇ ತಿಂಗಳು ಸಾಫ್ಟ್‌ವೇರ್ ತಿದ್ದುಪಡಿಯನ್ನೂ ಕಳಿಸಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅದೇ ವರ್ಷ, ಅದೇ ಕಂಪನಿ, ಅದೇ ಕುಟುಂಬದ ಕಡಿಮೆ ಬೆಲೆಯ ಎಸ್10ಇ ಫೋನಿನಲ್ಲಿ ಸೆನ್ಸರ್ ಪಕ್ಕದ ಪವರ್ ಬಟನ್ನಿನಲ್ಲಿತ್ತು. ಅದಕ್ಕೆ ಈ ಕಾಯಿಲೆ ತಟ್ಟಲಿಲ್ಲ. ಬೆರಳಿಗೂ ಬಟನ್ನಿಗೂ ನಡುವೆ ಯಾರೂ ಕವರ್ ಹಾಕುವುದಿಲ್ಲವಲ್ಲ! ದುಬಾರಿ ಫೋನಿನ ಹೊಸ ತಂತ್ರ ಸೋತ ಕಡೆ ಅಗ್ಗದ ಫೋನಿನ ಹಳೆಯ ತಂತ್ರ ಗೆದ್ದಿತು. ಆಮೇಲಿನ ಅಲ್ಟ್ರಾಸಾನಿಕ್ ಸೆನ್ಸರುಗಳು ದೊಡ್ಡದಾಗಿವೆ, ಚುರುಕಾಗಿವೆ. ಆದರೂ ಸ್ಕ್ರೀನಿನಡಿಯ ಯಾವುದೇ ಸೆನ್ಸರಿಗೆ ನಿಯಮ ಒಂದೇ: ಬೆರಳಿಗೂ ಸೆನ್ಸರಿಗೂ ನಡುವೆ ಏನೇ ಬಂದರೂ ಅದು ಪರೀಕ್ಷೆಯ ಭಾಗವಾಗುತ್ತದೆ. ಹೊಸ ಸ್ಕ್ರೀನ್ ಗಾರ್ಡ್ ಹಾಕಿಸಿದ ದಿನ ಹಳೆಯ ಬೆರಳಚ್ಚು ಅಳಿಸಿ ಮತ್ತೆ ನೋಂದಾಯಿಸಿ. ಕೂಡಲೇ ನೋಂದಾಯಿಸದ ನಿಮ್ಮದೇ ಬೆರಳನ್ನೂ ಮನೆಯವರ ಬೆರಳನ್ನೂ ಇಟ್ಟು ನೋಡಿ. ಒಂದಕ್ಕಾದರೂ ತೆರೆದರೆ ಆ ಗಾರ್ಡ್ ಕಿತ್ತೆಸೆಯಿರಿ.

ಮುಖದ ಚಿತ್ರ, ಮುಖದ ಆಳ

ಈಗ ಮುಖಕ್ಕೆ ಬರೋಣ. ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮುಖ ಗುರುತಿಸುವುದು ಸೆಲ್ಫಿ ಕ್ಯಾಮೆರಾ. ಅದಕ್ಕೆ ಸಿಗುವುದು ಚಪ್ಪಟೆ ಚಿತ್ರ. ನಿಮ್ಮ ಮುಖದ ಚಪ್ಪಟೆ ಚಿತ್ರಕ್ಕೂ ನಿಮ್ಮ ಫೋಟೋದ ಚಪ್ಪಟೆ ಚಿತ್ರಕ್ಕೂ ನಡುವಿನ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. 2011ರಲ್ಲಿ ಗೂಗಲ್ ಮೊದಲ ಬಾರಿಗೆ ಫೇಸ್ ಅನ್‌ಲಾಕ್ ತಂದಾಗ ಫೋಟೋ ತೋರಿಸಿ ಅದನ್ನು ತೆರೆದು ತೋರಿಸಿದರು. 2017ರ ಗ್ಯಾಲಕ್ಸಿ ಎಸ್8 ಕೂಡ ಫೋಟೋಗೆ ಮೋಸಹೋಯಿತು. ಇದು ಹಳೆಯ ಕಥೆ ಎಂದುಕೊಳ್ಳಬೇಡಿ. ಬ್ರಿಟನ್ನಿನ ಗ್ರಾಹಕ ಸಂಸ್ಥೆ 'ವಿಚ್?' 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 48 ಹೊಸ ಫೋನುಗಳ ಪೈಕಿ 19 ಫೋನುಗಳು ಕಾಗದದ ಮೇಲೆ ಮುದ್ರಿಸಿದ ಫೋಟೋಗೇ ತೆರೆದುಕೊಂಡವು.

2017ರಲ್ಲೇ ಬಂದ ಐಫೋನ್ ಎಕ್ಸ್ ಬೇರೆ ದಾರಿ ಹಿಡಿಯಿತು. ಅದರ ಫೇಸ್ ಐಡಿ ಮುಖದ ಮೇಲೆ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಅತಿಗೆಂಪು ಬೆಳಕಿನ ಚುಕ್ಕಿಗಳನ್ನು ಚೆಲ್ಲುತ್ತದೆ. ಚಪ್ಪಟೆ ಕಾಗದದ ಮೇಲೆ ಆ ಚುಕ್ಕಿಗಳ ವಿನ್ಯಾಸ ಚಪ್ಪಟೆಯಾಗಿಯೇ ಬೀಳುತ್ತದೆ. ಮೂಗಿನ ಏರು, ಕಣ್ಣಿನ ಗುಳಿ, ಗಲ್ಲದ ತಿರುವು ಇರುವ ಮುಖದ ಮೇಲೆ ಅದು ಅಲ್ಲಲ್ಲಿ ಸರಿದು ಬೀಳುತ್ತದೆ. ಅತಿಗೆಂಪು ಕ್ಯಾಮೆರಾ ಆ ಸರಿದಾಟವನ್ನು ಅಳೆದು ಮುಖದ ಆಳವನ್ನು ಲೆಕ್ಕ ಹಾಕುತ್ತದೆ. ಬೆಳಕನ್ನು ತಾನೇ ಚೆಲ್ಲುವುದರಿಂದ ಕತ್ತಲೆಯಲ್ಲೂ ಕೆಲಸ ನಡೆಯುತ್ತದೆ. ಕಣ್ಣು ತೆರೆದು ಫೋನಿನ ಕಡೆ ನೋಡುತ್ತಿದ್ದೀರಾ ಎಂಬುದನ್ನೂ ಪರಿಶೀಲಿಸುತ್ತದೆ, ಹಾಗಾಗಿ ನಿದ್ದೆಯಲ್ಲಿರುವವರ ಮುಖಕ್ಕೆ ಹಿಡಿದು ತೆರೆಯುವುದು ಸುಲಭವಲ್ಲ. ಯಾರೋ ಅಪರಿಚಿತರ ಮುಖಕ್ಕೆ ತಪ್ಪಿ ತೆರೆಯುವ ಸಾಧ್ಯತೆ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಎನ್ನುತ್ತದೆ ಆ್ಯಪಲ್. ಬೆರಳಚ್ಚಿನ ಟಚ್ ಐಡಿಗೆ ಅದು ಹೇಳುವ ಲೆಕ್ಕ 50,000ದಲ್ಲಿ ಒಂದು. ಆದರೆ ಅವಳಿಗಳು, ತದ್ರೂಪಿ ಸೋದರರು, 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಈ ಲೆಕ್ಕ ಹಿಡಿಯುವುದಿಲ್ಲ ಎಂದೂ ಆ್ಯಪಲ್ ಒಪ್ಪಿಕೊಂಡಿದೆ. ಅವಳಿಗಳಿರುವ ಮನೆಯಲ್ಲಿ ಪಿನ್ನೇ ಮೇಲು.

ಇಲ್ಲಿ ಎರಡು ಬಗೆಯ ತಪ್ಪುಗಳನ್ನು ಬೇರೆಯಾಗಿ ನೋಡಬೇಕು. ದಾರಿಹೋಕರ ಮುಖ ಆಕಸ್ಮಿಕವಾಗಿ ಹೊಂದಿಬಿಡುವುದು ಒಂದು. ಯಾರೋ ಬೇಕೆಂದೇ ನಿಮ್ಮ ಫೋಟೋ ಅಥವಾ ಬೆರಳಿನ ನಕಲು ಹಿಡಿದು ಬರುವುದು ಇನ್ನೊಂದು. 50,000ದಲ್ಲಿ ಒಂದು ಎನ್ನುವ ಅಂಕಿ ಮೊದಲನೆಯದಕ್ಕೆ ಮಾತ್ರ ಉತ್ತರ. ಫೋಟೋ ತೋರಿಸಿದರೆ ತೆರೆಯುವ ಫೋನು ಕೂಡ ಆ ಅಂಕಿಯಲ್ಲಿ ಪಾಸಾಗಿರಬಹುದು.

ಮೂರು ದರ್ಜೆ

ಇದಕ್ಕಾಗಿಯೇ ಗೂಗಲ್ ನಕಲಿಗೆ ಮೋಸಹೋಗುವ ಪ್ರಮಾಣವನ್ನು ಬೇರೆಯಾಗಿ ಅಳೆದು, ಆಂಡ್ರಾಯ್ಡ್ ಫೋನಿನ ಬೆರಳು-ಮುಖ ಗುರುತುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಪ್ರಯೋಗಾಲಯದಲ್ಲಿ ನಕಲಿಗಳನ್ನು ತೋರಿಸಿದಾಗ ನೂರಕ್ಕೆ 7ರವರೆಗೆ ಮಾತ್ರ ಮೋಸಹೋದರೆ ಮೂರನೇ ದರ್ಜೆ, ಅಂದರೆ ಎಲ್ಲಕ್ಕಿಂತ ಬಲವಾದದ್ದು. 7ರಿಂದ 20ರವರೆಗೆ ಎರಡನೇ ದರ್ಜೆ. 20ನ್ನು ದಾಟಿದರೆ ಮೊದಲನೇ ದರ್ಜೆ, ಅದು ಬರೀ ಅನುಕೂಲಕ್ಕೆ ಇರುವಂಥದ್ದು. ಮೊದಲನೇ ದರ್ಜೆಯ ಮುಖ ಫೋನಿನ ಲಾಕನ್ನು ತೆರೆಯಬಹುದು, ಅಷ್ಟೇ. ಯಾವುದೇ ಆ್ಯಪಿಗೆ ಅದು ಸಾಕ್ಷಿ ಹೇಳುವ ಹಾಗಿಲ್ಲ. ಫೋನಿನ ಗುಪ್ತ ಕೀಲಿಗಳನ್ನು ತೆರೆಯುವ ಅಧಿಕಾರ ಮೂರನೇ ದರ್ಜೆಗೆ ಮಾತ್ರ, ಬ್ಯಾಂಕುಗಳು ನೆಚ್ಚಿಕೊಳ್ಳುವುದು ಅದನ್ನೇ. ಪಿನ್ ಕೇಳುವ ಅವಧಿಯೂ ದರ್ಜೆಯಂತೆ ಬದಲಾಗುತ್ತದೆ: ಮೂರನೇ ದರ್ಜೆಗೆ 72 ಗಂಟೆಗೊಮ್ಮೆಯಾದರೂ ಪಿನ್ ಹಾಕಬೇಕು, ಉಳಿದೆರಡಕ್ಕೆ 24 ಗಂಟೆಗೊಮ್ಮೆ, ಫೋನನ್ನು 4 ಗಂಟೆ ಮುಟ್ಟದಿದ್ದರೂ ಹಾಕಬೇಕು.

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿದೆ. ಬ್ಯಾಂಕ್ ಆ್ಯಪು ಮುಖ ಗುರುತಿಸಲಾಗದೆ ಬೆರಳು ಕೇಳುತ್ತಿಲ್ಲ. ಈ ಫೋನಿನ ಮುಖಪರೀಕ್ಷೆಯನ್ನು ನಂಬಬೇಡ ಎಂದು ಆಂಡ್ರಾಯ್ಡ್ ಅದಕ್ಕೆ ಹೇಳಿದೆ. ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲೇ ಈ ಏರಿಳಿತ ಚೆನ್ನಾಗಿ ಕಾಣುತ್ತದೆ. 2019ರ ಪಿಕ್ಸೆಲ್ 4ರಲ್ಲಿ ಅತಿಗೆಂಪು ಕ್ಯಾಮೆರಾಗಳಿದ್ದವು, ಮುಖದಿಂದ ಹಣವನ್ನೂ ಪಾವತಿಸಬಹುದಿತ್ತು. ಆದರೆ ಕಣ್ಣು ಮುಚ್ಚಿದ್ದರೂ ತೆರೆಯುತ್ತಿತ್ತು. ಕಣ್ಣು ತೆರೆದಿರಲೇಬೇಕು ಎಂಬ ಆಯ್ಕೆ ಬಂದದ್ದು 2020ರಲ್ಲಿ. 2022ರ ಪಿಕ್ಸೆಲ್ 7ರಲ್ಲಿ ಬರೀ ಸೆಲ್ಫಿ ಕ್ಯಾಮೆರಾ ಉಳಿಯಿತು, ಮುಖ ಲಾಕಿಗಷ್ಟೇ ಸೀಮಿತವಾಯಿತು. 2023ರ ಪಿಕ್ಸೆಲ್ 8ರಲ್ಲಿಯೂ ಅತಿಗೆಂಪು ಕ್ಯಾಮೆರಾ ಇಲ್ಲ. ಆದರೂ ಚಿತ್ರವನ್ನು ವಿಶ್ಲೇಷಿಸುವ ಸಾಫ್ಟ್‌ವೇರ್ ಸುಧಾರಿಸಿ ಅದು ಮೂರನೇ ದರ್ಜೆಗೆ ಏರಿತು. ಆದ್ದರಿಂದ ಕ್ಯಾಮೆರಾ ನೋಡಿ ತೀರ್ಮಾನಿಸುವುದು ತಪ್ಪು, ದರ್ಜೆ ನೋಡಬೇಕು.

ದರ್ಜೆಯನ್ನು ಫೋನಿನ ಡಬ್ಬಿಯ ಮೇಲೆ ಯಾರೂ ಮುದ್ರಿಸುವುದಿಲ್ಲ. ಮನೆಯಲ್ಲೇ ತಿಳಿಯಲು ದಾರಿಗಳಿವೆ. ಮುಖ ನೋಂದಾಯಿಸುವಾಗ ಬರುವ ಸೂಚನೆಯನ್ನು ಓದಿ. ನಿಮ್ಮಂತೆ ಕಾಣುವವರು ಅಥವಾ ನಿಮ್ಮ ಚಿತ್ರ ಫೋನನ್ನು ತೆರೆಯಬಹುದು ಎಂದು ಎಷ್ಟೋ ಕಂಪನಿಗಳು ಅಲ್ಲೇ ಬರೆದಿರುತ್ತವೆ, ನಾವು ಓದದೆ ಮುಂದೆ ಒತ್ತುತ್ತೇವೆ. ಬ್ಯಾಂಕಿನ ಅಥವಾ ಪಾಸ್‌ವರ್ಡ್ ಕಾಪಾಡುವ ಆ್ಯಪನ್ನು ತೆರೆದು, ಅದು ಮುಖವನ್ನು ಒಪ್ಪುತ್ತದೆಯೇ ನೋಡಿ. ಒಪ್ಪಿದರೆ ಆ ಮುಖಪರೀಕ್ಷೆ ಕನಿಷ್ಠ ಎರಡನೇ ದರ್ಜೆಯದು. ಒಪ್ಪದಿದ್ದರೆ ಮೊದಲನೇ ದರ್ಜೆಯದಾಗಿರಬಹುದು, ಅಥವಾ ಆ ಆ್ಯಪು ತಾನಾಗಿಯೇ ಬೆರಳನ್ನು ಮಾತ್ರ ಆಯ್ದುಕೊಂಡಿರಬಹುದು. ಆಗ ಎರಡು-ಮೂರು ಆ್ಯಪುಗಳಲ್ಲಿ ನೋಡಿ. ಕೊನೆಗೆ ನಿಮ್ಮದೊಂದು ಫೋಟೋವನ್ನು ಮುಖದಷ್ಟೇ ದೊಡ್ಡದಾಗಿ, ಮಿಂಚದ ಕಾಗದದ ಮೇಲೆ ಬಣ್ಣದಲ್ಲಿ ಮುದ್ರಿಸಿ, ಹಗಲು ಬೆಳಕಿನಲ್ಲಿ ಫೋನಿಗೆ ತೋರಿಸಿ. ದೂರವನ್ನೂ ಕೋನವನ್ನೂ ಬದಲಿಸಿ ಹಲವು ಸಲ ನೋಡಿ. ತೆರೆದರೆ ಮುಂದೆ ಯೋಚಿಸಲು ಏನೂ ಇಲ್ಲ.

ಹಾಗಾದರೆ ಯಾವುದು?

ಫೋನಿನ ಬೆರಳಚ್ಚು ಬ್ಯಾಂಕ್ ಆ್ಯಪುಗಳಲ್ಲಿ ನಡೆಯುತ್ತಿದ್ದರೆ, ಅದು ಪಕ್ಕದ ಬಟನ್ನಿನಲ್ಲಿದ್ದರೂ ಸ್ಕ್ರೀನಿನ ಅಡಿಯಲ್ಲಿದ್ದರೂ ಭದ್ರತೆಯಲ್ಲಿ ದೊಡ್ಡ ಅಂತರವಿಲ್ಲ. ಕೈಯ ಸ್ವಭಾವ ನೋಡಿ ಆರಿಸಿಕೊಳ್ಳಿ. ಸ್ಕ್ರೀನ್ ಗಾರ್ಡ್ ಆಗಾಗ ಬದಲಿಸುವವರಿಗೆ ಬಟನ್ ನಿಶ್ಚಿಂತೆ. ಅಡುಗೆಮನೆ, ಮಳೆ, ಬೆವರಿನ ನಡುವೆ ಫೋನ್ ಮುಟ್ಟುವವರು ಖರ್ಚು ಮಾಡಬಲ್ಲರಾದರೆ ಅಲ್ಟ್ರಾಸಾನಿಕ್ ಒಳ್ಳೆಯದು. ಹತ್ತಿರದವರಿಗೂ ಬೇಡವೆಂದು ಅಗತ್ಯವಿಲ್ಲದ ಬೆರಳುಗಳನ್ನು ನೋಂದಾಯಿಸಬೇಡಿ. ಟಚ್ ಐಡಿಯಲ್ಲಿ ಒಂದು ಬೆರಳಿಗೆ 50,000ದಲ್ಲಿ ಒಂದಿರುವ ಸಾಧ್ಯತೆ, ಐದು ಬೆರಳು ನೋಂದಾಯಿಸಿದರೆ 10,000ದಲ್ಲಿ ಒಂದಕ್ಕೆ ಇಳಿಯುತ್ತದೆ. ಅದು ನಾಲ್ಕಂಕಿಯ ಪಿನ್ನನ್ನು ಒಂದೇ ಸಲಕ್ಕೆ ಊಹಿಸುವುದಕ್ಕೆ ಸಮ.

ಮುಖದ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಮೊದಲನೇ ದರ್ಜೆಯ ಫೇಸ್ ಅನ್‌ಲಾಕನ್ನು ಆಫ್ ಮಾಡಿ. ಬ್ಯಾಂಕ್ ಆ್ಯಪಿಗೆ ಬೆರಳಿನ ಕಾವಲಿದೆಯಲ್ಲ, ಲಾಕ್ ತೆರೆದರೇನು ಎಂಬ ವಾದ ಸರಿಯಲ್ಲ. 2025ರ ಅಕ್ಟೋಬರ್‌ನಿಂದ ಯುಪಿಐ ಪಾವತಿಗೂ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖವನ್ನು ಬಳಸಲು ಎನ್‌ಪಿಸಿಐ ಅವಕಾಶ ಕೊಟ್ಟಿದೆ, ಅಂದರೆ ಹಣದ ಕೀಲಿ ದಿನೇ ದಿನೇ ಫೋನಿನೊಳಕ್ಕೇ ಸರಿಯುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಕಾರ್ಡ್ ಪಾವತಿಗೆ, ಇಮೇಲ್ ಪಾಸ್‌ವರ್ಡ್ ಬದಲಿಸುವುದಕ್ಕೆ, ಆಧಾರ್ ಪರಿಶೀಲನೆಗೆ ಬರುವ ಒಟಿಪಿ ಇರುವುದು ಎಸ್ಸೆಮ್ಮೆಸ್ಸಿನಲ್ಲಿ. ಎಸ್ಸೆಮ್ಮೆಸ್ಸಿಗೆ ಪ್ರತ್ಯೇಕ ಕಾವಲು ಇರುವ ಫೋನು ಅಪರೂಪ. ಫೋಟೋ ತೋರಿಸಿ ಲಾಕ್ ತೆರೆದವನು ಬ್ಯಾಂಕ್ ಆ್ಯಪನ್ನು ಮುಟ್ಟಬೇಕಾಗಿಯೇ ಇಲ್ಲ. ಒಟಿಪಿ ಓದಿಕೊಂಡರೆ ಅವನ ಕೆಲಸ ಮುಗಿಯಿತು. ಆ ಫೋಟೋವನ್ನು ಹುಡುಕಲು ಅವನು ಎಲ್ಲಿಗೂ ಹೋಗಬೇಕಿಲ್ಲ, ನಿಮ್ಮ ವಾಟ್ಸ್ಆ್ಯಪ್ ಡಿಪಿ ಸಾಕು. ಬೆರಳಿಡಲು ಬೇಕಾಗುವ ಅರ್ಧ ಸೆಕೆಂಡನ್ನು ಉಳಿಸಲು ಇಷ್ಟನ್ನು ಪಣಕ್ಕಿಡುವುದು ನಷ್ಟದ ವ್ಯಾಪಾರ.